ಐದು ನಿಮಿಷಕ್ಕೊಂದು ಫೈಲ್, ವರ್ಷಕ್ಕೆ ಲಕ್ಷ ಫೈಲ್

ಲಾತೂರಿನ ಭೂಕಂಪ ಆದದ್ದು ಯಾವ ದಿನ? ಬೀದರ್, ಕಲಬುರಗಿ ಕಡೆಯ ಹಿರಿಯರನ್ನು ಕೇಳಿದರೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಇನ್ನೇನು ನಾಲ್ಕೈದು ನಿಮಿಷ ಇರುವಾಗ ಎನ್ನುತ್ತಾರೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯಾದ ಯುಎಸ್‌ಜಿಎಸ್‌ನ ಪಟ್ಟಿಯಲ್ಲಿ ಅದೇ ಭೂಕಂಪ ಸೆಪ್ಟೆಂಬರ್ 29ರ ರಾತ್ರಿ 22 ಗಂಟೆ 25 ನಿಮಿಷಕ್ಕೆ ದಾಖಲಾಗಿದೆ. ಎರಡೂ ಸರಿ. ಪಟ್ಟಿ ಬರೆಯುವವರು ಲೋಕಕ್ಕೆಲ್ಲ ಒಂದೇ ಆದ ಯುಟಿಸಿ ಸಮಯವನ್ನು ಹಿಡಿಯುತ್ತಾರೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಆದರೆ ಈ ಪಟ್ಟಿಯನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು ದಿನಾಂಕದ ಪ್ರಕಾರ ಫೋಲ್ಡರ್‌ಗಳಲ್ಲಿ ಇಡಬೇಕಾದವರು ಒಂದು ದಿನಾಂಕವನ್ನು ಆರಿಸಿಕೊಳ್ಳಲೇಬೇಕು. ಆ ಆಯ್ಕೆ, ಆಮೇಲೆ ರಾಶಿಬೀಳುವ ಪುಟ್ಟ ಫೈಲ್‌ಗಳನ್ನು ಒಗ್ಗೂಡಿಸುವ ಕೆಲಸ, ಇವೆರಡರ ಬಗ್ಗೆ ಈ ಲೇಖನ. ಬ್ಯಾಂಕು, ಆಸ್ಪತ್ರೆ, ಅಂಗಡಿ ಎಲ್ಲಿಯೇ ಆಗಲಿ ದತ್ತಾಂಶ ಸಂಗ್ರಹಿಸುವವರಿಗೆ ಇದು ದಿನನಿತ್ಯದ ತಲೆನೋವು. ಭೂಕಂಪದ ಪಟ್ಟಿ ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದದ್ದು, ಅದಕ್ಕೇ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಯುಎಸ್‌ಜಿಎಸ್ ತನ್ನ ಪಟ್ಟಿಯನ್ನು ಒಂದು ಎಪಿಐ ಮೂಲಕ ತೆರೆದಿಟ್ಟಿದೆ. ಅಂದರೆ, ಒಂದು ವಿಳಾಸಕ್ಕೆ ನಮ್ಮ ಬೇಡಿಕೆಯನ್ನು ಕಳಿಸಿದರೆ ಅಲ್ಲಿನ ಸರ್ವರ್ ಉತ್ತರವಾಗಿ ದಾಖಲೆಗಳನ್ನು ಕೊಡುತ್ತದೆ. ಪ್ರತಿ ಸಲ ಇಡೀ ಪಟ್ಟಿಯನ್ನು ತರಿಸುವುದು ವ್ಯರ್ಥ. ಒಂದೇ ಬೇಡಿಕೆಗೆ 20,000ಕ್ಕಿಂತ ಹೆಚ್ಚು ದಾಖಲೆ ಕೊಡುವುದೂ ಇಲ್ಲ. ಹಾಗಾಗಿ "ನಾನು ಕಳೆದ ಸಲ ಕೇಳಿದ ಮೇಲೆ ಬದಲಾದದ್ದನ್ನಷ್ಟೇ ಕೊಡು" ಎಂದು ಕೇಳಬೇಕು. ಇದಕ್ಕೆ ಸಿಂಕ್ ಮಾಡುವುದು ಎನ್ನುತ್ತಾರೆ. ಬೇಡಿಕೆ ಹೀಗಿರುತ್ತದೆ:

```
https://earthquake.usgs.gov/fdsnws/event/1/query?format=geojson
  &starttime=1900-01-01&updatedafter=2025-06-10T05:50:00
```

(ಓದಲು ಅನುಕೂಲವಾಗಲೆಂದು ಎರಡು ಸಾಲಾಗಿ ಮುರಿದಿದೆ, ಕಳಿಸುವಾಗ ಒಂದೇ ಸಾಲು.) ಇಲ್ಲಿ `starttime` ಯಾಕೆ ಬೇಕು ಎಂದು ಅನ್ನಿಸಬಹುದು. ಅದನ್ನು ಬಿಟ್ಟರೆ ಸರ್ವರ್ ತಾನಾಗಿಯೇ ಕಳೆದ 30 ದಿನಗಳ ಭೂಕಂಪಗಳನ್ನು ಮಾತ್ರ ನೋಡುತ್ತದೆ. ಮೂರು ತಿಂಗಳ ಹಿಂದಿನ ಕಂಪನವೊಂದರ ತೀವ್ರತೆಯನ್ನು ಈ ಹೊತ್ತು ತಿದ್ದಿದ್ದರೆ ಆ ತಿದ್ದುಪಡಿ ನಮಗೆ ಬರುವುದೇ ಇಲ್ಲ. ಎಲ್ಲಿಯೂ ದೋಷದ ಸಂದೇಶ ಕಾಣದು, ನಮ್ಮ ಪಟ್ಟಿ ಮಾತ್ರ ಮೆಲ್ಲಗೆ ಹಳತಾಗುತ್ತ ಹೋಗುತ್ತದೆ.

ಭೂಕಂಪದ ದಾಖಲೆ ಒಮ್ಮೆ ಬರೆದರೆ ಮುಗಿಯುವಂಥದ್ದಲ್ಲ. 2011ರ ಮಾರ್ಚ್ 11ರ ಜಪಾನಿನ ಭೂಕಂಪದ ತೀವ್ರತೆ ಅಂದಿನ ಸುದ್ದಿಯಲ್ಲಿ 8.9 ಎಂದಿತ್ತು, ಆಮೇಲೆ 9.0 ಆಯಿತು, ಈಗ ಯುಎಸ್‌ಜಿಎಸ್ ಪಟ್ಟಿಯಲ್ಲಿ 9.1 ಎಂದಿದೆ. ಯಂತ್ರ ತಾನಾಗಿ ಲೆಕ್ಕ ಹಾಕಿದ್ದನ್ನು ಆಮೇಲೆ ತಜ್ಞರು ಕೂತು ನೋಡುತ್ತಾರೆ, ಹೆಚ್ಚು ಕೇಂದ್ರಗಳ ಅಳತೆಗಳು ಬಂದು ಸೇರುತ್ತವೆ, ಅಂಕಿ ಬದಲಾಗುತ್ತದೆ. ಅದಕ್ಕೇ ಪ್ರತಿ ದಾಖಲೆಯಲ್ಲೂ ಎರಡು ಸಮಯ ಇರುತ್ತವೆ: ಭೂಮಿ ನಡುಗಿದ್ದು ಯಾವಾಗ ಎನ್ನುವ `time`, ದಾಖಲೆಯನ್ನು ಕೊನೆಯ ಸಲ ಮುಟ್ಟಿದ್ದು ಯಾವಾಗ ಎನ್ನುವ `updated`. ಇವೆರಡರ ನಡುವೆ ಎಷ್ಟು ಅಂತರ ಇರಬಹುದು ಎನ್ನುವುದಕ್ಕೆ 2017ರ ಜೂನ್ 21ರ ಪ್ರಸಂಗ ನೋಡಿ. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ 1925ರಲ್ಲಿ ಆಗಿದ್ದ ಭೂಕಂಪದ ಸ್ಥಳವನ್ನು ಅಂದು ಸಂಶೋಧಕರು ಪಟ್ಟಿಯಲ್ಲಿ ತಿದ್ದಿದರು. ಆ ತಿದ್ದುಪಡಿ ಹೊಸ ಭೂಕಂಪವೆಂಬಂತೆ 6.8 ತೀವ್ರತೆಯ ಎಚ್ಚರಿಕೆಯಾಗಿ ಹೊರಟಿತು. ಅದರ ಮೇಲಿನ ಇಸವಿ 2025 ಎಂದಿತ್ತು! ಪತ್ರಿಕೆಯೊಂದರ ಸ್ವಯಂಚಾಲಿತ ವ್ಯವಸ್ಥೆ ಅದನ್ನು ಸುದ್ದಿಯಾಗಿಯೂ ಪ್ರಕಟಿಸಿಬಿಟ್ಟಿತು. ಸಿಂಕ್ ಮಾಡುವವರು ಇದನ್ನು ನೆನಪಿನಲ್ಲಿಡಬೇಕು. ಇವತ್ತು ಬಂದದ್ದೆಲ್ಲ ಇವತ್ತಿನದಲ್ಲ.

ಹೀಗೆ ಬಂದ ದಾಖಲೆಗಳನ್ನು ಎಲ್ಲಿ, ಹೇಗೆ ಇಡುವುದು? ಡೇಟಾ ಲೇಕ್ ಎಂದು ಕರೆಯುವುದು ಬಹುಮಟ್ಟಿಗೆ ಅಮೆಜಾನ್ ಎಸ್3ಯಂಥ ಅಗ್ಗದ ಸಂಗ್ರಹಾಗಾರವನ್ನು. ಅಲ್ಲಿ ಡೇಟಾಬೇಸ್ ಇಲ್ಲ, ಇರುವುದು ಬರೀ ಫೈಲ್‌ಗಳು. ಆ ಫೈಲ್‌ಗಳಿಗೆ ಈಗ ಎಲ್ಲೆಡೆ ಬಳಕೆಯಾಗುವ ರೂಪ ಪಾರ್ಕೆ. 2013ರಲ್ಲಿ ಟ್ವಿಟರ್ ಮತ್ತು ಕ್ಲೌಡೆರಾ ಸಂಸ್ಥೆಗಳ ಎಂಜಿನಿಯರ್‌ಗಳು ಸೇರಿ ಹೊರತಂದದ್ದು ಇದು. ಮಾಮೂಲಿ ಸಿಎಸ್‌ವಿ ಫೈಲಿನಲ್ಲಿ ಒಂದು ಭೂಕಂಪದ ವಿವರವೆಲ್ಲ ಒಂದೇ ಸಾಲಿನಲ್ಲಿ ಇರುತ್ತದೆ. ಪಾರ್ಕೆಯಲ್ಲಿ ತೀವ್ರತೆಗಳೆಲ್ಲ ಒಂದು ಕಡೆ, ಆಳಗಳೆಲ್ಲ ಒಂದು ಕಡೆ, ಸ್ಥಳದ ಹೆಸರುಗಳೆಲ್ಲ ಒಂದು ಕಡೆ. ತೀವ್ರತೆಯ ಸರಾಸರಿ ಬೇಕಾದವರು ಆ ಕಾಲಮ್ಮನ್ನು ಮಾತ್ರ ಓದಿದರೆ ಸಾಕು. ಒಂದೇ ಜಾತಿಯ ಮೌಲ್ಯಗಳು ಅಕ್ಕಪಕ್ಕ ಇರುವುದರಿಂದ ಫೈಲ್ ಚೆನ್ನಾಗಿ ಕುಗ್ಗುತ್ತದೆ ಕೂಡ.

ಪಾರ್ಕೆ ಫೈಲನ್ನು ಬಿಡಿಸಿ ನೋಡಿದರೆ ಮೊದಲ ನಾಲ್ಕು ಬೈಟ್‌ಗಳು `PAR1`, ಕೊನೆಯ ನಾಲ್ಕು ಬೈಟ್‌ಗಳೂ `PAR1`. ಕೊನೆಯ `PAR1`ಗೆ ಸ್ವಲ್ಪ ಮೊದಲು ಫೂಟರ್ ಎಂಬ ಭಾಗ ಇದೆ. ಯಾವ ಕಾಲಂ ಎಲ್ಲಿ ಶುರುವಾಗುತ್ತದೆ, ಅದರ ಜಾತಿ ಏನು, ಅದರಲ್ಲಿನ ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಮೌಲ್ಯ ಯಾವುದು ಎಂದು ಅಲ್ಲಿ ಬರೆದಿರುತ್ತದೆ. ಓದುವ ತಂತ್ರಾಂಶ ಮೊದಲು ಬಾಲದ ಕಡೆಯಿಂದ ಫೂಟರನ್ನು ಓದುತ್ತದೆ, ಆಮೇಲೆ ಬೇಕಾದ ಕಾಲಮ್ಮಿಗೆ ಹೋಗುತ್ತದೆ. ಫೈಲಿನಲ್ಲಿ ಹತ್ತು ಲಕ್ಷ ಸಾಲು ಇದ್ದರೆ ಈ ಏರ್ಪಾಡು ಅದ್ಭುತ. ಹತ್ತೇ ಸಾಲು ಇದ್ದರೆ ಮಾತ್ರ ಫೈಲಿನ ಬಹುಪಾಲು ಜಾಗವನ್ನು ಫೂಟರೇ ತಿನ್ನುತ್ತದೆ, ಕುಗ್ಗಿಸಲು ಒಳಗೆ ಏನೂ ಇರುವುದಿಲ್ಲ. ಒಂದೊಂದು ರಾಗಿಕಾಳಿಗೂ ಒಂದೊಂದು ಚೀಲ ಹೊಲಿದ ಹಾಗೆ.

ಐದು ನಿಮಿಷಕ್ಕೊಮ್ಮೆ ಸಿಂಕ್ ಮಾಡಿದಾಗ ಆಗುವುದು ಇದೇ. ದಿನಕ್ಕೆ 288 ಸಲ, ವರ್ಷಕ್ಕೆ 1,05,120 ಸಲ. ಯುಎಸ್‌ಜಿಎಸ್ ಪಟ್ಟಿಗೆ ದಿನಕ್ಕೆ ಸೇರುವ ಭೂಕಂಪಗಳು, ಸಣ್ಣಪುಟ್ಟವೂ ಸೇರಿ, ಸುಮಾರು ಇನ್ನೂರೈವತ್ತು. ಅಂದರೆ ಒಂದೊಂದು ಫೈಲಿನಲ್ಲಿ ಒಂದೆರಡು ಹೊಸ ಕಂಪನ, ಜೊತೆಗೆ ಹಳೆಯವುಗಳ ಒಂದಿಷ್ಟು ತಿದ್ದುಪಡಿ. ವರ್ಷದ ಕೊನೆಗೆ ಯಾರಾದರೂ "ಈ ವರ್ಷದ ಅತಿ ದೊಡ್ಡ ಭೂಕಂಪ ಯಾವುದು" ಎಂದು ಕೇಳಿದರೆ ಏನಾಗುತ್ತದೆ ನೋಡಿ. ಎಸ್3 ಒಂದು ಸಲಕ್ಕೆ 1,000 ಫೈಲ್‌ಗಳ ಹೆಸರನ್ನಷ್ಟೇ ಹೇಳುತ್ತದೆ, ಹೆಸರು ಕೇಳುವುದಕ್ಕೇ 106 ಸಲ ಹೋಗಿ ಬರಬೇಕು. ಆಮೇಲೆ ಪ್ರತಿ ಫೈಲಿಗೂ ಫೂಟರಿಗೊಂದು ಬೇಡಿಕೆ, ಕಾಲಮ್ಮಿಗೊಂದು ಬೇಡಿಕೆ. ಬೇಡಿಕೆಗೆ 30 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೂ ಒಂದಾದ ಮೇಲೊಂದು ಓದಿದರೆ ಒಂದೂ ಮುಕ್ಕಾಲು ಗಂಟೆ. ಇಪ್ಪತ್ತನ್ನು ಒಟ್ಟಿಗೆ ಓದಿದರೂ ಐದು ನಿಮಿಷ ದಾಟುತ್ತದೆ. ಉತ್ತರ ಒಂದೇ ಸಾಲು. ಡೇಟಾ ದೊಡ್ಡದಾಗಿದೆ, ದೊಡ್ಡ ಯಂತ್ರ ಬೇಕು ಎಂದು ಇಂಥ ಹೊತ್ತಿನಲ್ಲಿ ಕೆಲವರು ಹೊರಡುತ್ತಾರೆ. ಇಡೀ ವರ್ಷದ ಭೂಕಂಪಗಳು ತೊಂಬತ್ತು ಸಾವಿರದ ಆಸುಪಾಸು, ಒಂದು ಲ್ಯಾಪ್‌ಟಾಪಿಗೆ ಅದು ಏನೇನೂ ಅಲ್ಲ. ತೊಂದರೆ ಇರುವುದು ಫೈಲ್‌ಗಳ ಸಂಖ್ಯೆಯಲ್ಲಿ.

ಫೋಲ್ಡರ್‌ಗಳನ್ನು ದಿನಾಂಕದಿಂದ ವಿಂಗಡಿಸುವುದಕ್ಕೆ ಪಾರ್ಟಿಷನ್ ಎಂದು ಹೆಸರು. `event_date=2025-06-10` ಎಂಬಂಥ ಹೆಸರಿನ ಫೋಲ್ಡರ್ ಇದ್ದರೆ ಆ ದಿನದ ಪ್ರಶ್ನೆಗೆ ಉಳಿದ ಫೋಲ್ಡರ್‌ಗಳನ್ನು ತೆರೆಯುವುದೇ ಬೇಡ. ಕೇಳಲು ಚೆನ್ನಾಗಿದೆ. ಆದರೆ ಸಿಂಕ್ ಆದ ತಕ್ಷಣ ಭೂಕಂಪ ಆದ ದಿನದ ಫೋಲ್ಡರಿಗೇ ಬರೆಯಹೊರಟರೆ ಸಂಕಟ ಇಮ್ಮಡಿಸುತ್ತದೆ. ಹನ್ನೆರಡು ದಾಖಲೆ ಬಂದವು, ಅದರಲ್ಲಿ ಇವತ್ತಿನವು ಐದು, ನಿನ್ನೆಯವು ಎರಡು, ಉಳಿದವು ಕಳೆದ ತಿಂಗಳ ಐದು ಬೇರೆ ಬೇರೆ ದಿನಗಳವು ಎನ್ನಿ. ಒಂದು ಸಿಂಕ್‌ಗೆ ಏಳು ಫೋಲ್ಡರ್‌ಗಳಲ್ಲಿ ಏಳು ಫೈಲ್ ಆಯಿತು. ಲಕ್ಷ ಫೈಲ್ ಎಂದುಕೊಂಡದ್ದು ಹಲವು ಲಕ್ಷವಾಗುತ್ತದೆ.

ಇದಕ್ಕೆ ನಾನು ನಂಬಿರುವ ಉಪಾಯ, ಎರಡು ಜಾಗ ಇಟ್ಟುಕೊಳ್ಳುವುದು. ಬಂದದ್ದನ್ನು ಬಂದ ಹಾಗೇ ಬರೆಯುವ ಜಾಗ ಒಂದು, ಅದು ನಾವು ಪಡೆದ ದಿನಾಂಕದ ಪ್ರಕಾರ: `landing/ingest_date=2025-06-10/`. ಒಂದು ಸಿಂಕ್‌ಗೆ ಒಂದೇ ಫೈಲ್. ಹೊಸದೇನೂ ಬರದಿದ್ದರೆ ಖಾಲಿ ಫೈಲ್ ಬರೆಯಬಾರದು. ಓದುಗರಿಗಾಗಿ ಇರುವ ಜಾಗ ಇನ್ನೊಂದು, ಅದು ಭೂಮಿ ನಡುಗಿದ ಸಮಯದ ಪ್ರಕಾರ. ಮೊದಲನೆಯದರಿಂದ ಎರಡನೆಯದಕ್ಕೆ ಒಯ್ಯುವ ಕೆಲಸವನ್ನು ದಿನಕ್ಕೊಮ್ಮೆ ಮಾಡಿದರೆ ಸಾಕು.

ಎರಡನೆಯ ಜಾಗದಲ್ಲಿ ದಿನಕ್ಕೊಂದು ಫೋಲ್ಡರ್ ಬೇಕೇ? ಇಲ್ಲಿ ಬಹಳ ಮಂದಿ ಅಭ್ಯಾಸಬಲದಿಂದ ಹೌದು ಎನ್ನುತ್ತಾರೆ. ಆರು ಸಾವಿರ ಬಸ್ಸುಗಳು ಹತ್ತು ಸೆಕೆಂಡಿಗೊಮ್ಮೆ ತಾವಿರುವ ಜಾಗವನ್ನು ತಿಳಿಸುತ್ತವೆ ಎಂದುಕೊಳ್ಳಿ, ದಿನಕ್ಕೆ ಐದು ಕೋಟಿಗೂ ಮಿಕ್ಕಿ ಸಾಲುಗಳಾಗುತ್ತವೆ. ಅಲ್ಲಿ ದಿನಕ್ಕೊಂದು ಫೋಲ್ಡರ್ ಸರಿ. ದಿನಕ್ಕೆ 250 ಸಾಲಿಗೆ ಒಂದು ಫೋಲ್ಡರ್ ಮಾಡಿದರೆ ಎಷ್ಟು ಒಗ್ಗೂಡಿಸಿದರೂ ವರ್ಷಕ್ಕೆ 365 ಪುಟ್ಟ ಫೈಲ್ ಉಳಿದೇ ಉಳಿಯುತ್ತವೆ, ಏಕೆಂದರೆ ಒಂದು ಫೈಲ್ ಎರಡು ಫೋಲ್ಡರ್‌ಗಳಲ್ಲಿ ಇರಲಾರದು. ಒಂದು ಫೈಲ್ ಕನಿಷ್ಠ 128 ಮೆಗಾಬೈಟ್ ಇರಲಿ ಎನ್ನುವುದು ಈ ಕ್ಷೇತ್ರದ ರೂಢಿಯ ಮಾತು. ಭೂಕಂಪದ ವರ್ಷದ ಪಟ್ಟಿ ಅಷ್ಟೂ ಆಗುವುದಿಲ್ಲ. ಹಾಗಾಗಿ ಇಲ್ಲಿ ವರ್ಷಕ್ಕೊಂದು ಫೋಲ್ಡರ್, ಅದರಲ್ಲಿ ಒಂದೇ ಫೈಲ್. ಇದರಿಂದ ಲಾತೂರಿನ ತೊಡಕೂ ಬಹುಪಾಲು ಕರಗುತ್ತದೆ. ದಿನದ ಫೋಲ್ಡರ್ ಇದ್ದರೆ ಭಾರತದ ಒಂದು ದಿನದ ಭೂಕಂಪಗಳಿಗೆ ಯಾವಾಗಲೂ ಎರಡು ಫೋಲ್ಡರ್ ನೋಡಬೇಕು. ವರ್ಷದ ಫೋಲ್ಡರ್ ಇದ್ದರೆ ಜನವರಿ 1ರ ಬೆಳಗಿನ ಐದೂವರೆಗೆ ಮುಂಚಿನವಕ್ಕೆ ಮಾತ್ರ ಹಿಂದಿನ ವರ್ಷಕ್ಕೆ ಹೋಗಬೇಕು.

ಇನ್ನು ಒಗ್ಗೂಡಿಸುವುದು, ಅಂದರೆ ಕಂಪ್ಯಾಕ್ಷನ್. ಪಾರ್ಕೆ ಫೈಲಿನ ತುದಿಗೆ ಹೊಸ ಸಾಲು ಅಂಟಿಸಲು ಬರುವುದಿಲ್ಲ, ಫೂಟರ್ ಕೊನೆಯಲ್ಲಿ ಕೂತಿದೆಯಲ್ಲ. ಹಳೆಯದನ್ನು ಓದಿ, ಹೊಸದನ್ನು ಸೇರಿಸಿ, ಮೂರನೆಯದೊಂದನ್ನು ಬರೆಯಬೇಕು. ಡಕ್‌ಡಿಬಿ ಎಂಬ ಉಚಿತ ತಂತ್ರಾಂಶದಲ್ಲಿ ಇಡೀ ಕೆಲಸ ಇಷ್ಟೇ:

```sql
COPY (
  SELECT * FROM read_parquet(
    ['curated/2025/v41.parquet',
     'landing/ingest_date=2025-06-10/*.parquet'],
    union_by_name = true, hive_partitioning = false)
  QUALIFY row_number() OVER (
      PARTITION BY id ORDER BY updated DESC) = 1
    AND year(time) = 2025
  ORDER BY time
) TO 'curated/2025/v42.parquet'
  (FORMAT parquet, COMPRESSION zstd);
```

ಬರೆಯುವಾಗಲೇ ಸಮಯವನ್ನು ಯುಟಿಸಿಗೆ ಪರಿವರ್ತಿಸಿ ಇಟ್ಟಿದ್ದೇವೆ ಎಂದು ಇಲ್ಲಿ ಭಾವಿಸಿದೆ. `QUALIFY` ಎಂಬ ಸಾಲೇ ಇದರ ಜೀವ. ಒಂದೇ ಗುರುತಿನ, ಅಂದರೆ ಒಂದೇ `id`ಯ, ಎಷ್ಟು ಪ್ರತಿಗಳಿದ್ದರೂ ಕೊನೆಯದಾಗಿ ತಿದ್ದಿದ್ದನ್ನು ಮಾತ್ರ ಉಳಿಸು ಎಂದು ಅದು ಹೇಳುತ್ತದೆ. ಇದೊಂದು ಇದ್ದರೆ ಸಿಂಕ್ ಮಾಡುವಾಗ ಧೈರ್ಯವಾಗಿ ಹತ್ತು ನಿಮಿಷ ಹಿಂದಿನಿಂದ ಕೇಳಬಹುದು. ಮೇಲಿನ ಬೇಡಿಕೆಯಲ್ಲಿ 5 ಗಂಟೆ 50 ನಿಮಿಷ ಎಂದು ಬರೆದದ್ದು ಅದಕ್ಕೇ. ಕಳೆದ ಸಿಂಕ್ ಆದದ್ದು 6 ಗಂಟೆಗೆ ಎನ್ನಿ. ಎರಡು ಸಿಂಕ್‌ಗಳ ನಡುವಿನ ಬಿರುಕಿನಲ್ಲಿ ಏನೂ ಬಿದ್ದುಹೋಗುವುದಿಲ್ಲ, ಎರಡು ಸಲ ಬಂದದ್ದು ಇಲ್ಲಿ ಒಂದಾಗುತ್ತದೆ.

ವರ್ಷದ ಷರತ್ತನ್ನು ಮೇಲೆ `WHERE` ಎಂದು ಬರೆಯದೆ `QUALIFY` ಒಳಗೆ ಸೇರಿಸಿದ್ದಕ್ಕೂ ಕಾರಣ ಇದೆ. ಡಿಸೆಂಬರ್ 31ರ ರಾತ್ರಿ 23:59:59 ಎಂದು ಮೊದಲು ದಾಖಲಾದ ಕಂಪನವನ್ನು ತಜ್ಞರು ಎರಡು ಸೆಕೆಂಡ್ ಮುಂದಕ್ಕೆ ತಿದ್ದಿದರೆ ಅದು ಮುಂದಿನ ವರ್ಷಕ್ಕೆ ಸೇರುತ್ತದೆ. `WHERE`ನಲ್ಲಿ ವರ್ಷವನ್ನು ಮೊದಲೇ ಸೋಸಿದರೆ ಹೊಸ ಪ್ರತಿ ಸೋಸಿಹೋಗಿ, ಹಳೆಯ ಪ್ರತಿಯೇ 2025ರಲ್ಲಿ ಉಳಿಯುತ್ತದೆ. 2026ರ ಫೈಲಿನಲ್ಲಿ ಹೊಸದೂ ಇರುತ್ತದೆ. ಒಂದು ಭೂಕಂಪ ಎರಡಾಯಿತು. ಮೊದಲು ಕೊನೆಯ ಪ್ರತಿಯನ್ನು ಆರಿಸಿ, ಆಮೇಲೆ ವರ್ಷ ನೋಡಿದರೆ ಈ ತಪ್ಪು ಆಗದು. ದಿನದ ಫೋಲ್ಡರ್ ಇಟ್ಟುಕೊಂಡವರಿಗೆ ಇದು ವರ್ಷಕ್ಕೊಮ್ಮೆ ಬರುವ ಅಪಾಯವಲ್ಲ, ಪ್ರತಿ ಮಧ್ಯರಾತ್ರಿಯೂ ಬರಬಹುದಾದದ್ದು.

ಈ ಕೆಲಸ ಮೊದಲ ಸಲ ನಡೆಸಿದಾಗ ಹೆಚ್ಚಿನವರಿಗೆ ಎದುರಾಗುವ ಅಡ್ಡಿ ಬೇರೆಯೇ. `felt` ಎಂಬ ಕಾಲಮ್ಮಿನಲ್ಲಿ, ಕಂಪನ ನಮ್ಮ ಅನುಭವಕ್ಕೆ ಬಂತು ಎಂದು ಎಷ್ಟು ಜನ ವರದಿ ಮಾಡಿದರು ಎಂಬ ಸಂಖ್ಯೆ ಇರುತ್ತದೆ. ಬಹುಪಾಲು ಸಣ್ಣ ಕಂಪನಗಳಿಗೆ ಅದು ಖಾಲಿ. ಹತ್ತು ಸಾಲಿನ ಫೈಲಿನಲ್ಲಿ ಹತ್ತೂ ಖಾಲಿ ಇದ್ದರೆ ಬರೆಯುವ ತಂತ್ರಾಂಶಕ್ಕೆ ಅದು ಅಂಕಿಯೋ ಅಕ್ಷರವೋ ತಿಳಿಯದೆ ತನಗೆ ತೋಚಿದ ಜಾತಿಯನ್ನು ಬರೆದುಬಿಡುತ್ತದೆ. ಮುಂದಿನ ಫೈಲಿನಲ್ಲಿ ಪೂರ್ಣಾಂಕ, ಅದರ ಮುಂದಿನದರಲ್ಲಿ ದಶಮಾಂಶ. ಬಿಡಿಬಿಡಿಯಾಗಿ ಎಲ್ಲ ಫೈಲೂ ಸರಿಯಾಗಿಯೇ ತೆರೆಯುತ್ತವೆ. ಒಟ್ಟುಗೂಡಿಸುವಾಗ ಜಗಳ ಶುರು. ಸಿಂಕ್ ಬರೆಯುವ ಮೊದಲ ದಿನವೇ ಪ್ರತಿ ಕಾಲಮ್ಮಿನ ಜಾತಿಯನ್ನು ಕೈಯಾರೆ ಘೋಷಿಸಿಬಿಡಬೇಕು. ಊಹೆಯನ್ನು ತಂತ್ರಾಂಶಕ್ಕೆ ಬಿಡಬಾರದು.

ಸುಳ್ಳು ಎಂದು ತಿಳಿದ ದಾಖಲೆಗಳನ್ನು ಯುಎಸ್‌ಜಿಎಸ್ ತೆಗೆದುಹಾಕುತ್ತದೆ. ಬೇಡಿಕೆಯಲ್ಲಿ `includedeleted=true` ಎಂದು ಸೇರಿಸದಿದ್ದರೆ ಆ ಸುದ್ದಿ ನಮಗೆ ತಲುಪುವುದಿಲ್ಲ, ಆಗದ ಭೂಕಂಪ ನಮ್ಮಲ್ಲಿ ಉಳಿದುಬಿಡುತ್ತದೆ. ಹಾಗೆ ಬಂದ ದಾಖಲೆಯನ್ನು ಅಳಿಸಿದ ಗುರುತಿನೊಂದಿಗೆ ಫೈಲಿನಲ್ಲೇ ಇಟ್ಟು, ಓದುವಾಗ ಬಿಟ್ಟುಬಿಡುವುದು ಒಳ್ಳೆಯದು.

ಹೊಸ ಫೈಲ್ ಬರೆದಾಯಿತು. ಹಳೆಯದನ್ನು ಯಾವಾಗ ತೆಗೆಯುವುದು? ಇಲ್ಲಿ ಎಡವಿದರೆ ಅಂಕಿಗಳೇ ಸುಳ್ಳಾಗುತ್ತವೆ. ಫೋಲ್ಡರಿನಲ್ಲಿ ಇರುವುದನ್ನೆಲ್ಲ ಓದುವ ವರದಿಯೊಂದು v41, v42 ಎರಡೂ ಇರುವ ಹೊತ್ತಿನಲ್ಲಿ ಓಡಿದರೆ ಎಲ್ಲ ಭೂಕಂಪಗಳೂ ಎರಡೆರಡು. ಮೊದಲೇ ಹಳೆಯದನ್ನು ಅಳಿಸಿದ್ದರೆ ಆ ಕ್ಷಣಕ್ಕೆ ವರ್ಷವೇ ಖಾಲಿ. ಎಸ್3ಯಲ್ಲಿ ಒಂದು ಫೋಲ್ಡರನ್ನು ಇನ್ನೊಂದರ ಜಾಗಕ್ಕೆ ಒಂದೇ ಏಟಿಗೆ ತಂದಿಡುವ ಸೌಕರ್ಯ ಇಲ್ಲ. ಹಾಗಾಗಿ ಓದುಗರು ಫೋಲ್ಡರನ್ನು ನೋಡದೆ, ಯಾವ ಫೈಲ್ ಚಾಲ್ತಿಯಲ್ಲಿದೆ ಎಂದು ಬರೆದಿಟ್ಟ ಒಂದು ಸಣ್ಣ ಪಟ್ಟಿಯನ್ನು ನೋಡುವಂತೆ ಮಾಡಬೇಕು. v42 ಪೂರ್ತಿ ಬರೆದು, ಪರೀಕ್ಷಿಸಿ, ಆಮೇಲೆ ಆ ಪಟ್ಟಿಯಲ್ಲಿ ಹೆಸರು ಬದಲಿಸುವುದು. ಓಡುತ್ತಿರುವ ವರದಿಗಳು ಮುಗಿಯಲೆಂದು v41ನ್ನು ಕೆಲವು ದಿನ ಬಿಟ್ಟು ತೆಗೆಯುವುದು. ಐಸ್‌ಬರ್ಗ್, ಡೆಲ್ಟಾ ಲೇಕ್ ಮುಂತಾದ ವ್ಯವಸ್ಥೆಗಳು ಒಳಗೆ ಮಾಡುವುದು ಮೂಲತಃ ಇದನ್ನೇ. ಡೆಲ್ಟಾದಲ್ಲಿ `OPTIMIZE` ಎಂದರೆ ಒಗ್ಗೂಡಿಸುತ್ತದೆ, `VACUUM` ಎಂದರೆ ಹಳೆಯ ಫೈಲ್ ತೆಗೆಯುತ್ತದೆ. ನಾವು ಬೇರೆ ಹೇಳದಿದ್ದರೆ ಏಳು ದಿನ ಕಳೆಯದ ಫೈಲನ್ನು ಅದು ಮುಟ್ಟುವುದಿಲ್ಲ. ನೂರಾರು ಕೋಷ್ಟಕಗಳಿದ್ದರೆ, ಹಲವರು ಏಕಕಾಲಕ್ಕೆ ಬರೆಯುವಂತಿದ್ದರೆ ಇಂಥದ್ದು ಬೇಕು. ಒಂದು ಭೂಕಂಪದ ಪಟ್ಟಿಗೆ ಬೇಡ.

ಮೊದಲ ಜಾಗದ ಪುಟ್ಟ ಫೈಲ್‌ಗಳ ಗತಿ ಏನು? ಎರಡನೆಯ ಜಾಗಕ್ಕೆ ಹೋಯಿತಲ್ಲ ಎಂದು ಅವುಗಳನ್ನು ಎಸೆಯಬೇಡಿ. ಜಪಾನಿನ ಭೂಕಂಪ ಒಂದು ಹೊತ್ತಿನಲ್ಲಿ 8.9 ಎಂದಿತ್ತು ಎನ್ನುವ ಸಂಗತಿ ಈಗಿನ ಪಟ್ಟಿಯ 9.1ರಲ್ಲಿ ಕಾಣುವುದಿಲ್ಲ. ಮೊದಲ ಅಂದಾಜು ಎಷ್ಟು ನಂಬಬಹುದಾದದ್ದು ಎಂದು ಅಧ್ಯಯನ ಮಾಡುವವರಿಗೆ ಬೇಕಾದದ್ದು ಆ ಹಳೆಯ ಪ್ರತಿಗಳೇ. ಅವುಗಳಿಗೂ ಒಂದು ಸರಳ ಕಂಪ್ಯಾಕ್ಷನ್ ಮಾಡಿ. ದಿನ ಮುಗಿದ ಮೇಲೆ ಆ ದಿನದ 288 ಫೈಲ್‌ಗಳನ್ನು ಯಾವ ಪ್ರತಿಯನ್ನೂ ಕಳೆಯದೆ ಒಂದಾಗಿಸಿದರೆ ಆಯಿತು. ಮೊದಲ ಜಾಗದಲ್ಲಿ ಒಗ್ಗೂಡಿಸುವುದಷ್ಟೇ, ಎರಡನೆಯದರಲ್ಲಿ ಒಗ್ಗೂಡಿಸುವುದರ ಜೊತೆಗೆ ಆರಿಸುವುದು. ಈ ಎರಡನ್ನು ಬೆರೆಸಿದವರು ಇತಿಹಾಸವನ್ನು ಕಳೆದುಕೊಳ್ಳುತ್ತಾರೆ.

ಪ್ರತಿ ಸಲ ಹೆಸರು ಬದಲಿಸುವ ಮುನ್ನ ಎರಡು ಎಣಿಕೆ ಮಾಡಬೇಕು. ಹೊಸ ಫೈಲಿನಲ್ಲಿ ಒಟ್ಟು ಸಾಲುಗಳ ಸಂಖ್ಯೆಯೂ ಬೇರೆಬೇರೆ `id`ಗಳ ಸಂಖ್ಯೆಯೂ ಒಂದೇ ಇರಬೇಕು. ಹಳೆಯ ಫೈಲಿನಲ್ಲಿದ್ದ ಯಾವ `id` ಆದರೂ ಹೊಸದರಲ್ಲಿ ಕಾಣದಿದ್ದರೆ ಅದು ಬೇರೆ ವರ್ಷಕ್ಕೆ ಹೋಗಿರಬೇಕು. ಎರಡರಲ್ಲಿ ಒಂದು ತಪ್ಪಿದರೂ v41 ಚಾಲ್ತಿಯಲ್ಲೇ ಉಳಿಯಲಿ. ಒಂದು ಮಿತಿಯನ್ನೂ ತಿಳಿದಿರಬೇಕು: ಒಂದೇ ಕಂಪನವನ್ನು ಹಲವು ಅಳತೆ ಜಾಲಗಳು ದಾಖಲಿಸಿದಾಗ ಮುಖ್ಯ `id`ಯೇ ಬದಲಾಗುವುದುಂಟು. ಹಳೆಯ ಗುರುತುಗಳೆಲ್ಲ `ids` ಎಂಬ ಕಾಲಮ್ಮಿನಲ್ಲಿ ಇರುತ್ತವೆ. ಮೇಲಿನ ಎಣಿಕೆ ಇದನ್ನು ಹಿಡಿಯದು. ಒಂದೇ ಸ್ಥಳದಲ್ಲಿ, ಕೆಲವೇ ಸೆಕೆಂಡ್ ಅಂತರದಲ್ಲಿ, ಒಂದೇ ತೀವ್ರತೆಯ ಎರಡು ಸಾಲು ಕಂಡರೆ ಆ ಕಾಲಮ್ಮನ್ನು ತೆರೆದು ನೋಡಿ.

ನಿಮ್ಮ ಕಚೇರಿಯಲ್ಲೂ ಹೀಗೊಂದು ಸಂಗ್ರಹ ಇದ್ದು, ವರದಿಗಳು ನಿಧಾನವಾಗಿವೆ ಎಂಬ ದೂರು ಇದ್ದರೆ, ಹೊಸ ಯಂತ್ರಕ್ಕೆ ಬೇಡಿಕೆ ಸಲ್ಲಿಸುವ ಮೊದಲು ಒಂದು ಫೋಲ್ಡರಿನ ಒಟ್ಟು ಗಾತ್ರವನ್ನು ಅದರಲ್ಲಿನ ಫೈಲ್‌ಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ಬಂದ ಉತ್ತರ ಕಿಲೋಬೈಟ್‌ಗಳಲ್ಲಿದ್ದರೆ ಒಗ್ಗೂಡಿಸುವ ಕೆಲಸವನ್ನು ಇವತ್ತೇ ಶುರು ಮಾಡಿ.